ಕೊನೆ ಬಿಲ್ಲು ಹಿಡಿದಿಟ್ಟೀವಿ, ಈಗ ಪತ್ರದಾಗ ಏನು ಬರೀಬೇಕು?

ಇವತ್ತಿನ ಕಂತು ಒಂದು ಪತ್ರದ ಬಗ್ಗೆ. ಅಪಾರ್ಟ್‌ಮೆಂಟಿನ ನಿವಾಸಿಗಳ ಸಂಘವೊಂದು ತನ್ನ ಗುತ್ತಿಗೆದಾರನಿಗೆ ಬರೆದ ಪತ್ರ. ಕೆಲಸ ಸರಿ ಆಗಿಲ್ಲ, ಹಾಗಾಗಿ ಕೊನೆ ಕಂತಿನ ಹಣ ಕೊಡೋದಿಲ್ಲ ಅನ್ನೋದು ಅದರ ಸಾರ. ಇಂಥ ಪತ್ರ ಬರೆಯೋ ಕೆಲಸ ನಿಮ್ಮ ಅಪ್ಪನಿಗೋ, ಬಾಡಿಗೆ ಮನೆಯ ಮಾಲೀಕರಿಗೋ, ನಾಳೆ ನಿಮಗೇ ಬರಬಹುದು. ನನಗೆ ಬಂತು. ಮೊದಲ ಪತ್ರದಲ್ಲಿ ನಾನು ತಪ್ಪು ಮಾಡಿದೆ. ಎರಡನೇ ಪತ್ರ ಕೆಲಸ ಮಾಡಿತು. ಎರಡರ ನಡುವಿನ ವ್ಯತ್ಯಾಸ ಏನು ಅನ್ನೋದನ್ನೇ ಇವತ್ತು ಹೇಳ್ತೀನಿ. ಯಾರ ಹೆಸರೂ ಹೇಳೋದಿಲ್ಲ. ಅಂಕಿಗಳನ್ನು ಕಿವಿಯಲ್ಲಿ ಕೇಳಿದರೂ ನೆನಪಿರಲಿ ಅಂತ ದುಂಡು ಮಾಡಿದ್ದೀನಿ.

ನಮ್ಮೂರು ಇಂಡಿ ತಾಲ್ಲೂಕಿನ ತಾಂಬಾ. ನಮ್ಮ ಕಾಕಾ ನಿವೃತ್ತ ಶಿಕ್ಷಕರು, ಈಗ ವಿಜಯಪುರದಲ್ಲಿ 16 ಮನೆಗಳ ಒಂದು ಅಪಾರ್ಟ್‌ಮೆಂಟಿನಲ್ಲಿ ಇದ್ದಾರೆ, ಅಲ್ಲಿನ ಸಂಘದ ಕಾರ್ಯದರ್ಶಿ. ಬೇಸಿಗೆಯಲ್ಲಿ ಮಾಳಿಗೆಗೆ ನೀರು ಸೋರದಂತೆ ಲೇಪನ ಹಾಕಿಸಿದರು. ಗುತ್ತಿಗೆದಾರ ತಾಂಬಾದವನೇ, ಕಾಕಾನೇ ಹುಡುಕಿ ತಂದವರು. ಮೇ 20ಕ್ಕೆ ಕೆಲಸ ಮುಗೀತು. ಜೂನ್ 14ರ ಮಳೆಗೆ ಮೇಲಿನ ಮಹಡಿಯ ಎರಡು ಮನೆಗಳ ಒಳಗೆ ನೀರು ಇಳೀತು. ಮರುದಿನವೇ ನನಗೆ ಫೋನ್.

"ಏ ತಮ್ಮಾ, ನೀ ಬಿ.ಕಾಂ. ಮಾಡೀದಿ, ಮೈಕ್ ಹಿಡಿದು ಮಾತಾಡ್ತೀದಿ. ಆ ಮನುಷ್ಯಾಗ ಒಂದು ಖಡಕ್ ಪತ್ರ ಬರದು ಕೊಡು. ಒಂದು ಪೈಸಾ ಕೊಡೂದಿಲ್ಲ ಅಂತ ಹಾಕು."

ನಾನು ಹಾಗೇ ಹಾಕಿದೆ.

ಖಡಕ್ ಪತ್ರ ಮತ್ತು ಅದಕ್ಕೆ ಬಂದ ಉತ್ತರ

ಮೊದಲ ಪತ್ರದ ಸಾರ ಇಷ್ಟು: ನಿಮ್ಮ ಕೆಲಸ ಅತ್ಯಂತ ಕಳಪೆ. ನಿವಾಸಿಗಳಿಗೆ ಭಾರೀ ತೊಂದರೆ ಆಗಿದೆ. ನಂಬಿಕೆದ್ರೋಹ ಮಾಡಿದ್ದೀರಿ. ಬಾಕಿ 72,000 ರೂಪಾಯಿ ಕೊಡುವುದಿಲ್ಲ. ಕಾನೂನು ಕ್ರಮ ಕೈಗೊಳ್ಳಲಾಗುವುದು.

ಓದಿದಾಗ ಕಾಕಾಗೆ ಭಾಳ ಖುಷಿ ಆಯ್ತು. ಮುಂದಿನ ಭಾನುವಾರ ನಾನು ಊರಿಗೆ ಹೋದಾಗ ಬಸ್ ಸ್ಟ್ಯಾಂಡ್ ಹತ್ತಿರದ ಹೋಟೆಲ್ಲಿನಲ್ಲಿ ಆ ಗುತ್ತಿಗೆದಾರನೇ ಸಿಕ್ಕ. ಚಹಾ ಕುಡಿಸಿ, ಪತ್ರ ತೆಗೆದು ಮೇಜಿನ ಮೇಲೆ ಇಟ್ಟ.

"ಬರದಿದ್ದು ನೀನ ಅಂತ ಗೊತ್ತೈತಿ ತಮ್ಮಾ. ಸೋರತೈತಿ ಅಂದ್ರ ಎಲ್ಲಿ ಸೋರತೈತಿ? ಎಷ್ಟು ಜಾಗಾ? ನಾ ಬಂದು ಏನು ಮಾಡ್ಬೇಕು? ಒಂದೂ ಇದರಾಗ ಇಲ್ಲ. ಬರೇ ಬೈಗಳಾ ಅದಾವು. ಆರು ಮಂದಿ ಹುಡುಗ್ರು ಇದೇ ಊರವ್ರು, ಎರಡು ವಾರದ ಪಗಾರ ನಿಂತೈತಿ. ಅವರು ದಿನಾ ನನ್ನ ಬಾಗಿಲಿಗೆ ಬರ್ತಾರ."

ನಾನು ಉತ್ತರ ಕೊಡಲಿಲ್ಲ. ಅವನ ಪ್ರಶ್ನೆಗಳಿಗೆ ನನ್ನ ಹತ್ತಿರವೂ ಉತ್ತರ ಇರಲಿಲ್ಲ. ಎಲ್ಲಿ ಸೋರುತ್ತೆ ಅಂತ ನಾನೇ ಮೇಲೆ ಹತ್ತಿ ನೋಡಿರಲಿಲ್ಲ. ಸಂಜೆ ವಿಜಯಪುರಕ್ಕೆ ವಾಪಸ್ ಹೋಗಿ ಕಾಕಾನ ಫೈಲ್ ಕೇಳಿದೆ.

ಮೊದಲು ಕೊಟೇಶನ್ ಓದಿ

ಫೈಲಿನಲ್ಲಿ ಸ್ಟ್ಯಾಂಪ್ ಪೇಪರಿನ ಕರಾರು ಏನೂ ಇರಲಿಲ್ಲ. ಒಂದು ಪುಟದ ಕೊಟೇಶನ್ ಇತ್ತು, ಅದರ ಫೋಟೊಕ್ಕೆ ಕಾಕಾ ವಾಟ್ಸ್‌ಆಪ್‌ನಲ್ಲಿ 'ಒಪ್ಪಿಗೆ, ಕೆಲಸ ಶುರು ಮಾಡ್ರಿ' ಅಂತ ಕಳಿಸಿದ್ದರು. ಇದು ಕರಾರೇ. 1872ರ ಭಾರತೀಯ ಕರಾರು ಕಾಯ್ದೆಯ ಪ್ರಕಾರ ಇಂಥ ಕೆಲಸಕ್ಕೆ ಒಬ್ಬರು ಹೇಳಿ ಇನ್ನೊಬ್ಬರು ಒಪ್ಪಿದರೆ ಸಾಕು, ಸ್ಟ್ಯಾಂಪ್ ಪೇಪರ್ ಇಲ್ಲ ಅನ್ನೋ ಕಾರಣಕ್ಕೆ ಅದು ಬಿದ್ದು ಹೋಗೋದಿಲ್ಲ. ಆ ಮೆಸೇಜ್ ಇರೋ ಫೋನ್ ಜೋಪಾನವಾಗಿ ಇಟ್ಟುಕೊಳ್ಳಿ. ಬರೀ ಸ್ಕ್ರೀನ್‌ಶಾಟ್ ಸಾಕಾಗದೇ ಇರಬಹುದು. ಕೋರ್ಟಿಗೆ ಡಿಜಿಟಲ್ ದಾಖಲೆ ಕೊಡುವಾಗ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಕಾರ ಒಂದು ಪ್ರಮಾಣಪತ್ರವೂ ಬೇಕಾಗುತ್ತೆ.

ಕೊಟೇಶನ್ನಿನಲ್ಲಿ ಇದ್ದದ್ದು ಮೂರು ಕೆಲಸ. 4,000 ಚದರಡಿ ಮಾಳಿಗೆಯನ್ನು ಕೆರೆದು ತೊಳೆದು ಸ್ವಚ್ಛ ಮಾಡೋದು. ಗೋಡೆ ಮತ್ತು ನೆಲ ಕೂಡುವ ಮೂಲೆಯುದ್ದಕ್ಕೂ ಸಿಮೆಂಟಿನ ದುಂಡನೆ ಅಂಚು ಕಟ್ಟಿ, ಅದರ ಮೇಲೆ ಬಲೆ ಅಂಟಿಸೋದು. ಆಮೇಲೆ ಪೂರ್ತಿ ಎರಡು ಕೋಟ್ ಲೇಪನ. ಚದರಡಿಗೆ 60 ರೂಪಾಯಿ, ಒಟ್ಟು 2,40,000. ಶುರುವಿಗೆ 72,000, ಅರ್ಧ ಕೆಲಸಕ್ಕೆ 96,000, ಮುಗಿದ ಮೇಲೆ 72,000.

ಈ ಹಾಳೆ ಓದಿದ ಮೇಲೆ ಮೊದಲ ಪತ್ರದ ತಪ್ಪು ನನಗೆ ಕಂಡಿತು. 'ಕಳಪೆ' ಅನ್ನೋದು ನಮ್ಮ ಅಭಿಪ್ರಾಯ. 'ದುಂಡನೆ ಅಂಚು ಕಟ್ಟೋದಾಗಿ ಹೇಳಿದ್ದಿರಿ, 60 ಅಡಿ ಕಟ್ಟಿಲ್ಲ' ಅನ್ನೋದು ಟೇಪ್ ಹಿಡಿದು ಅಳೆಯಬಹುದಾದ ಸಂಗತಿ. ಜಗಳ ಮುಂದೆ ಹೋದರೆ ಈ ಪತ್ರವನ್ನು ಓದೋರು ನಮ್ಮನ್ನೂ ನೋಡಿಲ್ಲ, ಮಾಳಿಗೆಯನ್ನೂ ನೋಡಿಲ್ಲ. ಅವರಿಗೆ ಅಳತೆಯೇ ಆಧಾರ.

ನೀರು ನಿಲ್ಲಿಸಿ ನೋಡುವ ಪರೀಕ್ಷೆ

ಹಾಗಾದ್ರೆ ಎಲ್ಲಿ ಸೋರುತ್ತೆ ಅಂತ ಪತ್ತೆ ಮಾಡೋದು ಹೇಗೆ? ಇದಕ್ಕೆ ಹಳೇ ಗೌಂಡಿಗಳೂ ಎಂಜಿನಿಯರುಗಳೂ ಮಾಡೋದು ಒಂದೇ ಪರೀಕ್ಷೆ. ಮಾಳಿಗೆಯ ಮೇಲೆ ನೀರು ಕಟ್ಟಿ ನಿಲ್ಲಿಸಿ, ಕೆಳಗಿನ ಸೂರು ನೋಡೋದು.

ನಾವು ಮಳೆ ಬಿಡುವು ಕೊಟ್ಟ ಒಂದು ವಾರ ಆರಿಸಿಕೊಂಡೆವು. ಮೊದಲು ಮಾಳಿಗೆಯ ಮೇಲಿನ ನೀರಿನ ಟ್ಯಾಂಕಿನ ವಾಲ್ವ್ ಬಂದ್ ಮಾಡಿ ಒಂದು ದಿನ ಕಾದೆವು. ಯಾಕಂದ್ರೆ ಟ್ಯಾಂಕಿನ ಪೈಪೇ ಸೋರುತ್ತಿದ್ದರೆ ಲೇಪನದ ಮೇಲೆ ತಪ್ಪು ಹೊರಿಸಿದ ಹಾಗಾಗುತ್ತೆ. ಪೈಪ್ ಸರಿ ಇತ್ತು. ಆಮೇಲೆ ಮಳೆನೀರು ಇಳಿಯುವ ಕೊಳವೆಗಳ ಬಾಯಿ ಮುಚ್ಚಿ, ಮಾಳಿಗೆಯನ್ನು ಸಣ್ಣ ಸಣ್ಣ ಭಾಗ ಮಾಡಿ ಸಿಮೆಂಟಿನ ತಾತ್ಕಾಲಿಕ ಬದು ಹಾಕಿ, ಒಂದು ಭಾಗದಲ್ಲಿ ಒಂದು ಇಂಚಿನಷ್ಟು ನೀರು ನಿಲ್ಲಿಸಿದೆವು. ಭಾಗ ಮಾಡೋದು ಯಾಕೆ ಅಂದ್ರೆ ನೀರಿಗೆ ಭಾರ ಇದೆ. 100 ಚದರಡಿಯಲ್ಲಿ ಒಂದು ಇಂಚು ನೀರು ಅಂದರೆ ಸುಮಾರು 236 ಲೀಟರ್, ಅಷ್ಟೇ ಕಿಲೋ. ಹಳೇ ಮಾಳಿಗೆ ಆದರೆ ಎಂಜಿನಿಯರನ್ನು ಕೇಳದೆ ಈ ಪರೀಕ್ಷೆ ಮಾಡಲೇಬೇಡಿ.

48 ಗಂಟೆ ಬಿಟ್ಟೆವು. ನೀರಿನ ಮಟ್ಟಕ್ಕೆ ಗೋಡೆಯ ಮೇಲೆ ಪೆನ್ಸಿಲ್ ಗೆರೆ. ಆದರೆ ನಮ್ಮ ಕಡೆಯ ಬಿಸಿಲಿಗೆ ನೀರು ತಾನಾಗಿಯೇ ಆರುತ್ತೆ. ಮಟ್ಟ ಇಳಿದ ಮಾತ್ರಕ್ಕೆ ಸೋರಿದೆ ಅನ್ನೋ ಹಾಗಿಲ್ಲ. ಅದಕ್ಕೆ ಪಕ್ಕದಲ್ಲೇ ಒಂದು ಅಗಲವಾದ ಪ್ಲಾಸ್ಟಿಕ್ ಬುಟ್ಟಿಯಲ್ಲಿ ಅಷ್ಟೇ ಎತ್ತರ ನೀರು ಇಟ್ಟೆವು. ಬುಟ್ಟಿಯಲ್ಲಿ ಇಳಿದಷ್ಟೇ ಮಾಳಿಗೆಯಲ್ಲೂ ಇಳಿದರೆ ಅದು ಬಿಸಿಲಿನ ಲೆಕ್ಕ. ಮಾಳಿಗೆಯಲ್ಲಿ ಜಾಸ್ತಿ ಇಳಿದರೆ ಅನುಮಾನ. ಕೆಳಗಿನ ಸೂರಿನಲ್ಲಿ ಹಸಿ ಮೂಡಿದರೆ ಖಾತ್ರಿ.

ಸಿಕ್ಕಿದ್ದು ಹೀಗೆ. ಮೆಟ್ಟಿಲು ಕೋಣೆಯ ಗೋಡೆ ಬುಡದಲ್ಲಿ 60 ಅಡಿ ಉದ್ದ ದುಂಡನೆ ಅಂಚೇ ಇಲ್ಲ, ನೇರವಾಗಿ ಲೇಪನ ಬಳಿದಿದ್ದರು, ಅಲ್ಲಿಂದ 401ನೇ ಮನೆಗೆ ನೀರು. ಟ್ಯಾಂಕಿನ ಕಂಬಗಳ ಸುತ್ತ ಸುಮಾರು 150 ಚದರಡಿ ಲೇಪನ ಸಿಪ್ಪೆ ಎದ್ದಿತ್ತು, ಉಗುರಿನಿಂದ ಎಳೆದರೆ ಹಾಳೆಯಂತೆ ಬಂತು, ಅದರ ಹಿಂದೆ ಮಣ್ಣು ಅಂಟಿತ್ತು. ಅಂದ್ರೆ ಧೂಳು ತೊಳೆಯದೆ ಬಳಿದಿದ್ದಾರೆ. ಅಲ್ಲಿಂದ 404ಕ್ಕೆ ನೀರು.

ಮೂರನೇದು ನಮ್ಮನ್ನೇ ಸಿಕ್ಕಿಸಿತು. ಈಶಾನ್ಯ ಮೂಲೆಯಲ್ಲಿ 400 ಚದರಡಿ ಜಾಗದಲ್ಲಿ ಮಳೆ ನಿಂತ ಮೇಲೂ ನೀರು ನಿಲ್ಲುತ್ತೆ. ಎಲ್ಲರಿಗೂ ಕಣ್ಣಿಗೆ ಕಾಣೋ ದೋಷ ಅದೇ, ವಾಟ್ಸ್‌ಆಪ್ ಗುಂಪಿನಲ್ಲಿ ಹೆಚ್ಚು ಫೋಟೊ ಬಂದದ್ದೂ ಅದರದ್ದೇ. ಆದರೆ ಅದರ ಕೆಳಗಿನ ಸೂರು 48 ಗಂಟೆ ಆದ ಮೇಲೂ ಒಣಗಿಯೇ ಇತ್ತು. ನೀರು ನಿಲ್ಲೋದು ವಾಟ ಸರಿ ಇಲ್ಲದ್ದಕ್ಕೆ. ಆ ವಾಟ ಕಟ್ಟಡ ಕಟ್ಟಿದವರು ಮಾಡಿದ್ದು. ಅದನ್ನು ಸರಿಪಡಿಸೋದು ಈ ಕೊಟೇಶನ್ನಿನಲ್ಲಿ ಎಲ್ಲೂ ಇಲ್ಲ.

ಎಷ್ಟು ಹಿಡಿಯಬೇಕು?

ಈಗ ಹಣದ ವಿಷಯ. ಇಲ್ಲಿ ಎರಡು ಬೇರೆ ಬೇರೆ ಸಂಗತಿಗಳು ಕಲಸಿಹೋಗ್ತವೆ. ಸರ್ಕಾರಿ ಕಾಮಗಾರಿ ಮಾಡೋರನ್ನು ಕೇಳಿ ನೋಡ್ರಿ, ಎಫ್‌ಎಸ್‌ಡಿ ಅನ್ನೋ ಮಾತು ಬರುತ್ತೆ. ಪ್ರತಿ ಬಿಲ್ಲಿನಲ್ಲಿ ಒಂದು ಪಾಲು ಹಿಡಿದಿಟ್ಟು, ದೋಷ ಹೊಣೆಗಾರಿಕೆ ಅವಧಿ ಮುಗಿದ ಮೇಲೆ ಕೊಡ್ತಾರೆ. ಅದು ಮೊದಲೇ ಕರಾರಿನಲ್ಲಿ ಒಪ್ಪಿದ ಭದ್ರತಾ ಹಣ. ಕೆಲಸ ಚೆನ್ನಾಗಿದ್ದರೂ ಹಿಡೀತಾರೆ, ಕಾರಣ ಹೇಳಬೇಕಿಲ್ಲ. ಕಾಕಾನ ಕೊಟೇಶನ್ನಿನಲ್ಲಿ ಅಂಥ ಸಾಲು ಇರಲಿಲ್ಲ. ಹಾಗಾದ್ರೆ ನಾವು ಹಿಡಿಯೋದು ದೋಷಕ್ಕಾಗಿ ಮಾತ್ರ. ಅದಕ್ಕೆ ಕಾರಣವೂ ಬೇಕು, ಲೆಕ್ಕವೂ ಬೇಕು.

ಕರಾರು ಕಾಯ್ದೆಯ 73ನೇ ಕಲಂ ಹೇಳೋದು, ಕರಾರು ಮುರಿದವನಿಂದ ಸಿಗೋದು ಅದರಿಂದ ಸಹಜವಾಗಿ ಆದ ನಷ್ಟದ ಪರಿಹಾರ. ಆ ನಷ್ಟ ಕಡಿಮೆ ಮಾಡಿಕೊಳ್ಳೋಕೆ ನಮ್ಮ ಕೈಯಲ್ಲಿ ಏನಿತ್ತು ಅನ್ನೋದನ್ನೂ ಕೋರ್ಟು ನೋಡುತ್ತೆ. ಕೆಲವು ಕರಾರಿನಲ್ಲಿ 'ಲೋಪವಾದರೆ ಶೇ 25 ದಂಡ' ಅಂತ ಬರೆದಿರ್ತಾರೆ. ಅಷ್ಟೂ ತಾನಾಗಿಯೇ ಸಿಗುತ್ತೆ ಅಂದುಕೊಳ್ಳಬೇಡಿ. 74ನೇ ಕಲಮಿನ ಪ್ರಕಾರ ಬರೆದ ಮೊತ್ತ ಗರಿಷ್ಠ ಮಿತಿ, ಅದರೊಳಗೆ ನ್ಯಾಯಯುತವಾದಷ್ಟು ಮಾತ್ರ.

ಹಾಗಾಗಿ ಬೇರೊಬ್ಬ ಗುತ್ತಿಗೆದಾರನನ್ನು ಕರೆಸಿ, ಪ್ರತಿ ದೋಷಕ್ಕೂ ಬೇರೆ ಬೇರೆ ದರ ಬರೆಸಿಕೊಂಡೆವು. 60 ಅಡಿ ಅಂಚಿಗೆ 9,000. ಟ್ಯಾಂಕಿನ ಸುತ್ತ ಕೆರೆದು ಮತ್ತೆ ಲೇಪನಕ್ಕೆ 12,000. ಎರಡು ಮನೆಗಳ ಸೂರಿಗೆ ಬಣ್ಣಕ್ಕೆ 5,000. ಒಟ್ಟು 26,000. ಈಶಾನ್ಯ ಮೂಲೆಯ ವಾಟ ಸರಿಪಡಿಸೋಕೆ 36,000.

ಸಮಿತಿಯ ಸಭೆಯಲ್ಲಿ ಇದೇ ದೊಡ್ಡ ಜಗಳ. ನಾಲ್ಕೂ ಸೇರಿಸಿ 62,000 ಹಿಡಿಯೋಣ ಅಂತ ಹೆಚ್ಚಿನವರು. ನಾನು ಕೊಟೇಶನ್ ತೋರಿಸಿದೆ. ಆಗ ಒಬ್ಬರು ಹಿರಿಯರು ಬಾಯಿ ಬಿಟ್ಟರು: "ಅಂವ ಕೆಲಸಾ ಸುರು ಮಾಡೂ ಮೊದಲ ಹೇಳಿದ್ದಾ, ಈ ಮೂಲ್ಯಾಗ ವಾಟ ಇಲ್ಲ, ಬ್ಯಾರೆ ರೊಕ್ಕ ಆಕ್ಕೈತಿ ಅಂತ. ನಾವ ಬ್ಯಾಡ ಅಂದ್ವಿ." ಸಭೆ ಸುಮ್ಮನಾಯ್ತು. 36,000 ಪಟ್ಟಿಯಿಂದ ಹೋಯ್ತು.

ಈಗ ಲೆಕ್ಕ ಸರಳ. ಬಾಕಿ 72,000, ದೋಷಕ್ಕೆ 26,000, ಉಳಿದ 46,000ಕ್ಕೆ ನಮ್ಮ ತಕರಾರೇ ಇಲ್ಲ. ತಕರಾರಿಲ್ಲದ ಹಣವನ್ನು ಸಿಟ್ಟಿಗೆ ಹಿಡಿದರೆ ಕರಾರು ಮುರಿದವರು ನಾವಾಗ್ತೀವಿ. ಅವನು ಬಡ್ಡಿ ಸಮೇತ ಕೇಳಬಹುದು. ಬಿಲ್ಲಿನ ದಾವೆಗೆ ಕೆಲಸ ಮುಗಿದ ದಿನದಿಂದ ಸಾಮಾನ್ಯವಾಗಿ ಮೂರು ವರ್ಷದ ಅವಕಾಶ ಅವನಿಗಿದೆ.

ಎರಡನೇ ಪತ್ರ

ಪತ್ರವನ್ನು ಇಡೀ ಓದ್ತೀನಿ. ಭಾಷೆ ತಣ್ಣಗಿದೆ, ಬೇಕು ಅಂತಲೇ ಹಾಗೆ ಬರೆದದ್ದು.

> ವಿಷಯ: ಮಾಳಿಗೆ ಲೇಪನ ಕಾಮಗಾರಿಯ ದೋಷಗಳು, ದುರಸ್ತಿ ಮತ್ತು ಅಂತಿಮ ಬಿಲ್ಲಿನ ಪಾವತಿ.
>
> ಉಲ್ಲೇಖ: ನಿಮ್ಮ ಕೊಟೇಶನ್, ವಾಟ್ಸ್‌ಆಪ್ ಮೂಲಕ ನಮ್ಮ ಒಪ್ಪಿಗೆ, ನಿಮ್ಮ ಅಂತಿಮ ಬಿಲ್ಲು ರೂ. 72,000.
>
> ಮಾನ್ಯರೇ,
>
> 1. ನಮ್ಮ ಹಿಂದಿನ ಪತ್ರದ ಬದಲಿಗೆ ಈ ಪತ್ರವನ್ನು ಪರಿಗಣಿಸಬೇಕು. ಸಂಘದ ಸಮಿತಿಯ ನಿರ್ಣಯದಂತೆ ಇದನ್ನು ಬರೆಯಲಾಗಿದೆ.
>
> 2. ನೀವು ಕಾಮಗಾರಿಯನ್ನು ಮೇ 20ರಂದು ಮುಗಿಸಿದ್ದೀರಿ. ಜೂನ್ 14ರಂದು 401 ಮತ್ತು 404ನೇ ಮನೆಗಳಲ್ಲಿ ಸೋರಿಕೆ ಕಂಡುಬಂದಿತು. ನಂತರ 48 ಗಂಟೆ ನೀರು ನಿಲ್ಲಿಸಿ ಪರೀಕ್ಷಿಸಿದಾಗ ಕಂಡ ದೋಷಗಳು ಹೀಗಿವೆ.
>
> ಅ) ಮೆಟ್ಟಿಲು ಕೋಣೆಯ ಗೋಡೆ ಬುಡದಲ್ಲಿ 60 ಅಡಿ ಉದ್ದಕ್ಕೆ ಕೊಟೇಶನ್ನಿನ 2ನೇ ಸಾಲಿನಲ್ಲಿ ಹೇಳಿದ ದುಂಡನೆ ಅಂಚು ಮತ್ತು ಬಲೆ ಇಲ್ಲ. ಫೋಟೊ 1ರಿಂದ 6.
>
> ಆ) ನೀರಿನ ಟ್ಯಾಂಕಿನ ಕಂಬಗಳ ಸುತ್ತ ಸುಮಾರು 150 ಚದರಡಿ ಲೇಪನ ಎದ್ದು ಬಂದಿದೆ. ಕೊಟೇಶನ್ನಿನ 1ನೇ ಸಾಲಿನಂತೆ ಮೇಲ್ಮೈ ಸ್ವಚ್ಛಗೊಳಿಸಿರುವುದು ಕಾಣುವುದಿಲ್ಲ. ಫೋಟೊ 7ರಿಂದ 12.
>
> 3. ಈಶಾನ್ಯ ಮೂಲೆಯಲ್ಲಿ ನೀರು ನಿಲ್ಲುವುದು ನಿಮ್ಮ ಕಾಮಗಾರಿಯ ದೋಷವೆಂದು ನಾವು ಹೇಳುತ್ತಿಲ್ಲ.
>
> 4. ಈ ಪತ್ರ ತಲುಪಿದ 7 ದಿನಗಳೊಳಗೆ, ನಿಮಗೆ ಅನುಕೂಲವಾದ ದಿನ ಬಂದು ನಮ್ಮೊಂದಿಗೆ ಜಂಟಿಯಾಗಿ ಪರಿಶೀಲಿಸಬೇಕು. ನಂತರದ 15 ದಿನಗಳೊಳಗೆ ಅ ಮತ್ತು ಆ ದೋಷಗಳನ್ನು ನಿಮ್ಮ ವೆಚ್ಚದಲ್ಲಿ ಸರಿಪಡಿಸಬೇಕು. ದುರಸ್ತಿಯ ಬಳಿಕ ಅದೇ ಪರೀಕ್ಷೆಯನ್ನು ಇಬ್ಬರ ಎದುರು ಮತ್ತೆ ಮಾಡೋಣ.
>
> 5. ನಿಮ್ಮ ಅಂತಿಮ ಬಿಲ್ಲಿನಲ್ಲಿ ತಕರಾರಿಲ್ಲದ ರೂ. 46,000 ಅನ್ನು ಇಂದು ನಿಮ್ಮ ಖಾತೆಗೆ ಪಾವತಿಸಿದ್ದೇವೆ. ಇದು ಭಾಗಶಃ ಪಾವತಿ. ಕೆಳಗಿನ ದೋಷಗಳ ವೆಚ್ಚಕ್ಕಾಗಿ ಮಾತ್ರ ರೂ. 26,000 ತಡೆಹಿಡಿದಿದ್ದೇವೆ: ಅಂಚು 9,000, ಲೇಪನ 12,000, ಎರಡು ಸೂರುಗಳ ಬಣ್ಣ 5,000. ಆಧಾರವಾದ ದರಪಟ್ಟಿ ಲಗತ್ತಿಸಿದೆ.
>
> 6. ದುರಸ್ತಿಯಾಗಿ ಪರೀಕ್ಷೆಯಲ್ಲಿ ಸೋರಿಕೆ ಕಾಣದಿದ್ದರೆ 7 ದಿನಗಳೊಳಗೆ ರೂ. 21,000 ಪಾವತಿಸುತ್ತೇವೆ. ಸೂರಿನ ಬಣ್ಣದ ಖರ್ಚನ್ನು ರಸೀದಿಯಂತೆ ಕಡಿತ ಮಾಡುತ್ತೇವೆ.
>
> 7. ಹೇಳಿದ ಅವಧಿಯಲ್ಲಿ ನೀವು ಬಾರದಿದ್ದರೆ ಬೇರೆಯವರಿಂದ ದುರಸ್ತಿ ಮಾಡಿಸಿ, ರಸೀದಿ ಸಹಿತ ಲೆಕ್ಕ ಕಳಿಸುತ್ತೇವೆ. ಖರ್ಚು ಕಡಿಮೆಯಾದರೆ ಉಳಿದದ್ದನ್ನು ನಿಮಗೆ ಕೊಡುತ್ತೇವೆ. ಹೆಚ್ಚಾದರೆ ನಿಮ್ಮಿಂದ ಕೇಳುವ ಹಕ್ಕನ್ನು ಉಳಿಸಿಕೊಂಡಿದ್ದೇವೆ.
>
> ಕಾರ್ಯದರ್ಶಿ

ಒಂದೆರಡು ಸಾಲುಗಳ ಹಿಂದಿನ ಲೆಕ್ಕ ಹೇಳ್ತೀನಿ. ಐದನೇ ಅಂಶದಲ್ಲಿ 'ಭಾಗಶಃ ಪಾವತಿ' ಅನ್ನೋ ಪದ ಬೇಕೇ ಬೇಕು. ಅದು ಇಲ್ಲದೆ 46,000 ಕಳಿಸಿದರೆ, ಇದೇ ಕೊನೆ ಅಂತ ಅವರು ಕೈ ತೊಳೆದುಕೊಂಡರು ಅಂತ ಅವನಿಗೆ ಅನ್ನಿಸಬಹುದು. ಇಲ್ಲವೇ ಉಳಿದ 26,000ದ ಬಗ್ಗೆ ನಮ್ಮ ತಕರಾರೇನು ಅನ್ನೋದೇ ಮಸುಕಾಗಬಹುದು. ಇನ್ನೊಂದು, 'ನಿಮ್ಮ 72,000 ನಾವು ಕೊಡಬೇಕಾಗಿದೆ, ಆದರೆ...' ಅಂತ ಯಾವತ್ತೂ ಶುರು ಮಾಡಬೇಡಿ. ಬಾಕಿ ಇದೆ ಅಂತ ಸಹಿ ಹಾಕಿ ಒಪ್ಪಿದರೆ, ಕಾಲಮಿತಿ ಕಾಯ್ದೆಯ 18ನೇ ಕಲಂ ಪ್ರಕಾರ ಮೂರು ವರ್ಷದ ಲೆಕ್ಕ ಆ ದಿನದಿಂದ ಹೊಸದಾಗಿ ಶುರುವಾಗಬಹುದು. ನಾವು ಬರೆದದ್ದು 'ನಿಮ್ಮ ಬಿಲ್ಲು 72,000' ಅಂತ ಮಾತ್ರ. ಬಿಲ್ಲು ಅವನು ಕೇಳಿದ್ದು, ನಾವು ಒಪ್ಪಿದ್ದಲ್ಲ.

ಮೂರನೇ ಅಂಶ ಹಾಕೋದು ಬೇಡ ಅಂತ ಕಾಕಾ ಹಟ ಹಿಡಿದಿದ್ದರು. ನಮ್ಮ ವಿರುದ್ಧವೇ ಸಾಕ್ಷಿ ಕೊಟ್ಟ ಹಾಗಲ್ಲವೇ ಅಂತ. ಆದರೆ ಅವನ ಉತ್ತರ ಬರೋದು ಅಲ್ಲಿಂದಲೇ ಅಂತ ನಮಗೆ ಗೊತ್ತಿತ್ತು. ಅವನದಲ್ಲದ ತಪ್ಪನ್ನು ನಾವೇ ಬಿಟ್ಟುಕೊಟ್ಟರೆ ಉಳಿದ ಎರಡರ ಬಗ್ಗೆ ಮಾತ್ರ ಮಾತು ನಡೆಯುತ್ತೆ.

ಪತ್ರ ಸ್ಪೀಡ್ ಪೋಸ್ಟಿನಲ್ಲಿ ಹೋಯ್ತು, ಅದರ ಪಿಡಿಎಫ್ ವಾಟ್ಸ್‌ಆಪ್‌ನಲ್ಲೂ ಹೋಯ್ತು.

ಸಹಿ ಯಾರದ್ದು?

ಇದು ಚಿಲ್ಲರೆ ವಿಷಯ ಅನ್ನಿಸುತ್ತೆ, ಅಲ್ಲ. ಮಾತುಕತೆ ಮುರಿದು ಗ್ರಾಹಕರ ಆಯೋಗಕ್ಕೆ ಹೋಗಬೇಕಾದರೆ ದೂರು ಯಾರ ಹೆಸರಿನಲ್ಲಿ ಅನ್ನೋ ಪ್ರಶ್ನೆ ಏಳುತ್ತೆ. ಈ ಪ್ರಶ್ನೆ ನಮ್ಮ ಕರ್ನಾಟಕದ್ದೇ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟಿಗೆ ಹೋಗಿತ್ತು. ಸೋಭಾ ಹೈಬಿಸ್ಕಸ್ ಅನ್ನೋ ಅಪಾರ್ಟ್‌ಮೆಂಟಿನ ಮಾಲೀಕರ ಸಂಘ ಬಿಲ್ಡರ್ ವಿರುದ್ಧ ತಂದ ದೂರು ಅದು. ಸಂಘ ಇದ್ದದ್ದು 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆಯಡಿ. ಆ ಕಾಯ್ದೆಯಿಂದ ಹುಟ್ಟಿದ ಸಂಘವನ್ನು ಸ್ವಯಂಪ್ರೇರಿತ ಗ್ರಾಹಕ ಸಂಘ ಅನ್ನೋಕೆ ಆಗೋದಿಲ್ಲ, ಆ ನೆಲೆಯಲ್ಲಿ ಅದು ದೂರು ಕೊಡೋ ಹಾಗಿಲ್ಲ ಅಂತ 2020ರ ಫೆಬ್ರುವರಿಯಲ್ಲಿ ಕೋರ್ಟ್ ಹೇಳಿತು. ಬಿಲ್ಡರ್ ತಪ್ಪು ಮಾಡಿದ್ದಾರೋ ಇಲ್ಲವೋ ಅನ್ನೋ ಮಾತಿಗೆ ಹೋಗೋ ಮೊದಲೇ ದೂರು ಬಾಗಿಲಲ್ಲೇ ನಿಂತಿತು.

ಅಂದ್ರೆ ಬಾಗಿಲು ಪೂರ್ತಿ ಮುಚ್ಚಿದೆ ಅಂತಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ 35ನೇ ಕಲಂ, ಒಂದೇ ತೊಂದರೆ ಇರುವ ಹಲವು ಗ್ರಾಹಕರು ಆಯೋಗದ ಅನುಮತಿ ಪಡೆದು ಎಲ್ಲರ ಪರವಾಗಿ ದೂರು ಕೊಡೋಕೆ ಅವಕಾಶ ಇಟ್ಟಿದೆ. ಗಡುವು ಎರಡು ವರ್ಷ. ಹಾಗಾಗಿ ನಾವು ಸಂಘದ ಪತ್ರದ ಜೊತೆಗೆ, ಸೋರಿದ ಎರಡೂ ಮನೆಯವರಿಂದ ಅವರ ಹೆಸರಿನಲ್ಲೇ ಒಂದೊಂದು ಪುಟದ ಹೇಳಿಕೆ ಬರೆಸಿ, ಸಹಿ ಹಾಕಿಸಿ ಫೈಲಿನಲ್ಲಿ ಇಟ್ಟೆವು.

ನಾವು ತಡ ಮಾಡಿದ್ದು ಎಲ್ಲಿ

ಪತ್ರ ಚೆನ್ನಾಗಿತ್ತು, ಆದರೆ ತಡವಾಗಿತ್ತು. ಕೆಲಸ ಮುಗಿದದ್ದು ಮೇ 20. ನಾವು ಎಚ್ಚರಾದದ್ದು ಮಳೆ ಬಂದ ಮೇಲೆ, 25 ದಿನ ಬಿಟ್ಟು.

ಇದು ಯಾಕೆ ಮುಖ್ಯ ಅಂದ್ರೆ, ಇವತ್ತು ಎಷ್ಟೋ ಸಣ್ಣ ಗುತ್ತಿಗೆದಾರರು ಉದ್ಯಮ್ ನೋಂದಣಿ ಮಾಡಿಸಿರ್ತಾರೆ. 2006ರ ಸೂಕ್ಷ್ಮ, ಸಣ್ಣ, ಮಧ್ಯಮ ಉದ್ದಿಮೆಗಳ ಕಾಯ್ದೆ ಅವರಿಗೆ ಹಣ ತಡವಾದರೆ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ ಕೊಡಿಸುತ್ತೆ. ಸೇವೆ ಪಡೆದವರು ತಕರಾರನ್ನು 15 ದಿನಗಳೊಳಗೆ ಲಿಖಿತವಾಗಿ ಹೇಳದಿದ್ದರೆ ಅದನ್ನು ಒಪ್ಪಿಕೊಂಡ ಹಾಗೆ ಲೆಕ್ಕ. ಇಂಥ ಕಾಮಗಾರಿ ಗುತ್ತಿಗೆಗಳು ಆ ಕಾಯ್ದೆಯೊಳಗೆ ಬರ್ತವೋ ಇಲ್ಲವೋ ಅನ್ನೋ ವಾದ ಕೋರ್ಟುಗಳಲ್ಲಿ ನಡೆದಿದೆ. ಆದರೆ ಆ ವಾದಕ್ಕೆ ನಾವು ಯಾಕೆ ಸಿಗಬೇಕು? ಲೇಪನ ಪೂರ್ತಿ ಒಣಗೋಕೆ ಸಾಮಾನ್ಯವಾಗಿ ಒಂದು ವಾರ ಸಾಕು. ಆಮೇಲೆ ಎರಡು ದಿನ ನೀರು ನಿಲ್ಲಿಸಿ ನೋಡಿದ್ದರೆ, ಮೇ ತಿಂಗಳಲ್ಲೇ, 15 ದಿನದ ಒಳಗೇ ಎಲ್ಲ ಗೊತ್ತಾಗ್ತಿತ್ತು. ಯಾರ ಸೂರೂ ಹಾಳಾಗ್ತಿರಲಿಲ್ಲ. 5,000 ಬಣ್ಣದ ಖರ್ಚಿನ ಮಾತೇ ಬರ್ತಿರಲಿಲ್ಲ.

ಆಮೇಲೆ ಏನಾಯ್ತು

ನಾಲ್ಕನೇ ದಿನ ಗುತ್ತಿಗೆದಾರ ಬಂದ. ಪತ್ರ, ಫೋಟೊ ಕೈಯಲ್ಲಿ ಹಿಡಿದು ಮಾಳಿಗೆ ಪೂರ್ತಿ ಒಂದು ಸುತ್ತು ಹಾಕಿದ. ಮೆಟ್ಟಿಲು ಕೋಣೆಯ ಹತ್ತಿರ ಕುಳಿತು ಬೆರಳಾಡಿಸಿ, "ಇಲ್ಲಿ ಹುಡುಗ್ರು ಬಿಟ್ಟಾರ, ನಾನೂ ನೋಡಿಲ್ಲ" ಅಂದ. ಟ್ಯಾಂಕಿನ ಹತ್ತಿರ ಮಾತ್ರ ಸ್ವಲ್ಪ ವಾದ ಆಯ್ತು, ಆವಾಗ ಟ್ಯಾಂಕ್ ತುಂಬಿ ಹರೀತಿತ್ತು, ನೆಲ ಒಣಗಲಿಲ್ಲ, ನೀವೂ ಬಂದ್ ಮಾಡಲಿಲ್ಲ ಅಂತ. ಅದರಲ್ಲೂ ಸ್ವಲ್ಪ ಸತ್ಯ ಇತ್ತು. ಆದರೂ ಮಾಡಿಕೊಟ್ಟ. ಹತ್ತು ದಿನಕ್ಕೆ ದುರಸ್ತಿ ಮುಗೀತು. ಒಣಗೋಕೆ ಬಿಟ್ಟು ಮತ್ತೆ ನೀರು ನಿಲ್ಲಿಸಿದೆವು, ಬುಟ್ಟಿಯೂ ಇತ್ತು. ಈ ಸಲ ಎರಡೂ ಸೂರು ಒಣಗಿದ್ದವು.

21,000 ಕೊಟ್ಟರು. 5,000 ಕಡಿತದ ಬಗ್ಗೆ ಅವನು ಮುಖ ಸಪ್ಪೆ ಮಾಡಿದ, ಆದರೆ ರಸೀದಿ ನೋಡಿ ಒಪ್ಪಿದ. 'ಈ ಕಾಮಗಾರಿಗೆ ಸಂಬಂಧಿಸಿದ ಹಣದ ಲೆಕ್ಕ ಇಲ್ಲಿಗೆ ಮುಗಿದಿದೆ, ಇಬ್ಬರಿಗೂ ಬಾಕಿ ಇಲ್ಲ. ಕೆಲಸದ ಮೇಲಿನ ವಾರಂಟಿ ಕೊಟೇಶನ್ನಿನಂತೆ ಮುಂದುವರಿಯುತ್ತದೆ' ಅಂತ ಒಂದು ಹಾಳೆಯಲ್ಲಿ ಇಬ್ಬರೂ ಸಹಿ ಹಾಕಿದರು. ಆ ಕೊನೆ ಅರ್ಧ ವಾಕ್ಯ ಮರೀಬೇಡಿ. ಬರೀ 'ಲೆಕ್ಕ ಮುಗಿದಿದೆ' ಅಂತ ಬರೆದರೆ ಮುಂದಿನ ವರ್ಷ ಸೋರಿದಾಗ ವಾರಂಟಿಯೂ ಮುಗಿದಿದೆ ಅನ್ನೋ ವಾದ ಬರಬಹುದು.

ನಾನು ಆಮೇಲೆ ಊರಿಗೆ ಹೋದಾಗ ಅದೇ ಹೋಟೆಲ್. ಚಹಾ ಈ ಸಲ ನಾನು ಕುಡಿಸಿದೆ. 46,000 ಬಂದ ದಿನವೇ ಹುಡುಗರ ಪಗಾರ ಕೊಟ್ಟೆ ಅಂದ. ಅದರಲ್ಲಿ ಒಬ್ಬ ನನ್ನ ಜೊತೆ ಕನ್ನಡ ಶಾಲೆಯಲ್ಲಿ ಓದಿದವನು ಅಂತ ನನಗೆ ಗೊತ್ತಾದದ್ದು ಆವಾಗಲೇ. ಮೊದಲ ಪತ್ರದಲ್ಲಿ 'ಒಂದು ಪೈಸೆ ಕೊಡುವುದಿಲ್ಲ' ಅಂತ ಟೈಪ್ ಮಾಡುವಾಗ ನಾನು ಯಾರ ಪೈಸೆ ಹಿಡಿದಿದ್ದೆ ಅಂತ ನನಗೆ ಗೊತ್ತಿರಲಿಲ್ಲ.

ಈಶಾನ್ಯ ಮೂಲೆಯಲ್ಲಿ ನೀರು ಇನ್ನೂ ನಿಲ್ಲುತ್ತೆ. ಅದನ್ನು ಸರಿಮಾಡೋಕೆ ಕಾಕಾ ಈಗ ಹೊಸ ಕೊಟೇಶನ್ ಕೇಳಿದ್ದಾರೆ, ಅವನ ಹತ್ತಿರಾನೇ. ಈ ಸಲ ಅದರಲ್ಲಿ ಎರಡು ಸಾಲು ಹೆಚ್ಚಿಗೆ ಬರೆಸಿದ್ದಾರೆ. ಕೊನೆ ಕಂತು ಕೊಡೋದು 48 ಗಂಟೆಯ ನೀರಿನ ಪರೀಕ್ಷೆ ಆದ ಮೇಲೆ. ಬಿಲ್ಲಿನ ಶೇ 5ರಷ್ಟು ಭದ್ರತಾ ಹಣ ಒಂದು ಮಳೆಗಾಲ ಕಳೆದ ಮೇಲೆ.

ಇವತ್ತಿಗೆ ಇಷ್ಟು. ಮತ್ತೆ ಸಿಗೋಣ್ರಿ, ನಮಸ್ಕಾರ.